ಒಂದೇ ಲ್ಯಾಂಡಿಂಗಿನ ಎರಡು ಮೂಲೆಗಳು

ಆ ಗುರುವಾರ ಮಾಡಿದ ಕೆಲಸಗಳು ಇವು. ನಸುಕಿನಲ್ಲಿ ಎದ್ದು ನೀರಿನ ಹಂಡೆಗೆ ಉರಿ ಹಾಕಿದೆ. ಅಂಗಳ ಗುಡಿಸಿ ನೀರಿನ ಥಳಿ ಹೊಡೆದೆ. ಅಕ್ಕಿಆಲೂರಿನ ಸಂತೆಯಿಂದ ತಂದಿದ್ದ ಅಕ್ಕಿಯನ್ನು ಎರಡು ಮೊರದಷ್ಟು ಹಸನು ಮಾಡಿ ಡಬ್ಬಿಗೆ ತುಂಬಿದೆ. ಅಕ್ಕನ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಬೇಳೆಯ ಡಬ್ಬಿಯಲ್ಲಿ ಹುಳು ಬಿದ್ದಿತ್ತು, ಅದನ್ನು ಬಿಸಿಲಿಗೆ ಹರವಿದೆ. ನನ್ನ ನೀಲಿ ಸೀರೆಯ ಸೆರಗಿನ ಹರಕಿಗೆ ನಾಲ್ಕು ಹೊಲಿಗೆ ಹಾಕಿದೆ. ಲಾಟೀನಿನ ಗಾಜು ಒರೆಸಿದೆ, ಅದು ಒರೆಸುವಂತೇನೂ ಇರಲಿಲ್ಲ.

ಎಂಟು ಗಂಟೆಯೊಳಗೆ ಇಷ್ಟೆಲ್ಲ ಮುಗಿದಿತ್ತು. ಅಕ್ಕ ಕಟ್ಟೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದಳು.

"ಮೂರು ದಿನಾ ಆತು, ಮನಿ ತಿಕ್ಕಿ ತಿಕ್ಕಿ ಸವಸಾಕತ್ತಿ. ಏನ್ ಆಗೇತಿ ಹೇಳು."

"ಏನಿಲ್ಲಬೇ."

"ಏನಿಲ್ಲಂದ್ರ ಕೂತು ಚಾ ಕುಡಿ."

ಕೂತು ಚಹಾ ಕುಡಿದೆ. ಆದರೆ ಹೇಳಲಿಲ್ಲ.

ಆಗ ನಾನು ಶಿಗ್ಗಾವಿಯಲ್ಲಿ ಒಬ್ಬ ನಿವೃತ್ತ ಇಂಜಿನಿಯರರ ಕಚೇರಿಯಲ್ಲಿ ನಕಾಶೆ ಎಳೆಯುವ ಕೆಲಸದಲ್ಲಿದ್ದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಸುತ್ತಲಿನ ಊರುಗಳಲ್ಲಿ ಮೇಲಂತಸ್ತು ಕಟ್ಟಿಸುವ ಹುಮ್ಮಸ್ಸು ಆಗತಾನೇ ಶುರುವಾಗಿತ್ತು. ಅದಕ್ಕೂ ಮೊದಲು ಮಾಳಿಗೆಗೆ ಹೋಗಬೇಕೆಂದರೆ ಕಟ್ಟಿಗೆಯ ನಿಚ್ಚಣಿಕೆಯೋ ಕಲ್ಲಿನ ಮೆಟ್ಟಿಲೋ ಇರುತ್ತಿದ್ದವು. ಸಾಹೇಬರು ಪೆನ್ಸಿಲಿನಲ್ಲಿ ಬರೆದು ಕೊಡುತ್ತಿದ್ದರು, ನಾನು ಅದರ ಮೇಲೆ ಟ್ರೇಸಿಂಗ್ ಕಾಗದ ಹಾಸಿ ಮಸಿಯಲ್ಲಿ ಎಳೆಯುತ್ತಿದ್ದೆ. ಆಮೇಲೆ ಬಿಸಿಲಿಗೆ ಹಿಡಿದು, ಅಮೋನಿಯಾದ ಹೊಗೆ ಕುಡಿಸಿ ಪ್ರಿಂಟು ತೆಗೆಯುವುದೂ ನನ್ನದೇ ಕೆಲಸ. ಅದರ ವಾಸನೆ ಸೀರೆಯಿಂದ ಹೋಗುತ್ತಿರಲಿಲ್ಲ. ಅಕ್ಕ ನನ್ನ ಸೀರೆಗಳನ್ನು ಬೇರೆ ಹಗ್ಗದ ಮೇಲೆ ಒಣಗಿಸುತ್ತಿದ್ದಳು.

ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರದ ಸಾವಕಾರರೊಬ್ಬರು ಕಟ್ಟಡ ಕಟ್ಟಿಸುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮದುವೆ ಮುಂಜಿಗೆ ಬಾಡಿಗೆ ಕೊಡುವ ಹಾಲ್. ಮೇಲೆ ಹತ್ತಲು ಒಳಗಡೆ ಕಾಂಕ್ರೀಟಿನ ಮೆಟ್ಟಿಲು. ಒಂದು ಸಾಲು ಹತ್ತಿ, ನಡುವಿನ ಚಪ್ಪಟೆ ಜಾಗದಲ್ಲಿ ಹಿಂದಕ್ಕೆ ತಿರುಗಿ, ಮೊದಲ ಸಾಲಿನ ಪಕ್ಕದಲ್ಲೇ ಎರಡನೆಯ ಸಾಲು ಹತ್ತುವಂಥದ್ದು. ಪಕ್ಕದಿಂದ ನೋಡಿದರೆ ನಾಯಿಯ ಹಿಂಗಾಲು ಮಡಚಿದಂತೆ ಕಾಣುತ್ತದೆ, ಅದಕ್ಕೇ ಡಾಗ್‌ಲೆಗ್ ಅನ್ನುತ್ತಾರೆ ಎಂದು ಸಾಹೇಬರು ಹೇಳಿದ್ದರು. ನಡುವಿನ ಆ ಚಪ್ಪಟೆ ಜಾಗವೇ ಲ್ಯಾಂಡಿಂಗು.

ಸಾಹೇಬರಿಗೆ ಲೆಕ್ಕವನ್ನು ಬಾಯಿಂದ ಹೇಳುತ್ತಾ ಮಾಡುವ ರೂಢಿ. ಮೆಟ್ಟಿಲಿಗೆ ನಮ್ಮ ಕಡೆಯವರಂತೆ ಪಾವಟಿಗಿ ಅನ್ನುತ್ತಿದ್ದರು. ನಾನು ಎದುರಿಗೆ ಕೂತು ಮಸಿ ಕಲಸುತ್ತಿದ್ದೆ.

"ಮೊದಲ ಇದನ್ನ ತಿಳ್ಕೊ. ಪಾವಟಿಗಿ ಎಷ್ಟು ಉದ್ದ ಐತಿ ಅಂತ ಪಾವಟಿಗಿನ ಅಳಿಬ್ಯಾಡ. ಕಾಲು ಎಲ್ಲಿ ಊರೇತಿ, ಅದನ್ನ ನೋಡು. ಕೆಳಗ ತೊಲಿ ಮ್ಯಾಲೆ ಊರೇತಿ. ಮ್ಯಾಲೆ ಎಲ್ಲಿ?"

"ಲ್ಯಾಂಡಿಂಗಿನ್ಯಾಗ್ರಿ."

"ಲ್ಯಾಂಡಿಂಗ್ ಏನ್ ಗಾಳ್ಯಾಗ ಕುಂತೇತೇನು? ಅದೂ ಒಂದರ ಮ್ಯಾಲೆ ಕುಂತಿರಬೇಕಲ್ಲ. ಲ್ಯಾಂಡಿಂಗಿನ ಆಚಿ ಗ್ವಾಡಿ ಮ್ಯಾಲೆ. ಅಂದಮ್ಯಾಲೆ ತೊಲಿ ನಡುವಿಂದ ಗ್ವಾಡಿ ನಡುವಿನ ತನಕ ಇಡೀ ಒಂದ ಹಲಗಿ."

ಮೆಟ್ಟಿಲುಗಳು ಹರಡಿದ್ದು ಮೂರು ಮೀಟರು, ಲ್ಯಾಂಡಿಂಗು ಒಂದು ಮೀಟರು ಇಪ್ಪತ್ತು ಸೆಂಟಿಮೀಟರು, ಆಚೀಚೆ ತೊಲೆಯ ಅರ್ಧ ಮತ್ತು ಗೋಡೆಯ ಅರ್ಧ. ಸೇರಿಸಿದರೆ ನಾಲ್ಕು ಮೀಟರು ನಲವತ್ತಮೂರು ಸೆಂಟಿಮೀಟರು. ಎರಡನೆಯ ಸಾಲೂ ಅಷ್ಟೇ: ಅದೇ ಗೋಡೆಯಿಂದ ಹೊರಟು, ಲ್ಯಾಂಡಿಂಗು ದಾಟಿ ಹತ್ತಿ, ಮೇಲಿನ ಹಾಲಿನ ತೊಲೆಗೆ ಹೋಗಿ ಕೂಡುತ್ತದೆ. ಆಮೇಲೆ ಭಾರ. ಇಳಿಜಾರಿನ ಕಾಂಕ್ರೀಟು ಹಲಗೆಯ ದಪ್ಪ ಇಪ್ಪತ್ತೆರಡೂವರೆ ಸೆಂಟಿಮೀಟರು, ಅದರ ತೂಕ ಇಳಿಜಾರಿನ ಒಂದು ಚದರ ಮೀಟರಿಗೆ ಐನೂರಾ ನಲವತ್ತು ಕಿಲೋ. "ಆದ್ರ ನಮಗ ಬೇಕಾದ್ದು ನೆಲದ ಮ್ಯಾಲಿನ ಚದರ ಮೀಟರು. ಓರೆ ಹಲಗಿ ನೆಲದ ಒಂದ ಮೀಟರಿನ್ಯಾಗ ಮೀಟರಿಗಿಂತ ಜಾಸ್ತಿ ಹಿಡಿಸ್ತೇತಿ," ಎಂದು ಹದಿನೈದರ ಏರು ಮೂವತ್ತರ ಮೆಟ್ಟು ಹಿಡಿದು ಲೆಕ್ಕ ಹಾಕಿ ಆರುನೂರು ಮಾಡಿದರು. ಮೆಟ್ಟಿಲುಗಳ ತ್ರಿಕೋನ ಸರಾಸರಿ ಅರ್ಧ ಏರಿನಷ್ಟು ಕಾಂಕ್ರೀಟು, ಅದಕ್ಕೆ ನೂರಾ ಎಂಬತ್ತು. ಮೇಲಿನ ಫರಸಿ ಕಲ್ಲು, ತಳದ ಗಿಲಾಯಿಯ ಪ್ಲಾಸ್ಟರಿಗೆ ನೂರು. ಇನ್ನು ಮಂದಿ.

"ಮನಿ ಆಗಿದ್ರ ಮುನ್ನೂರು ಹಿಡೀತಿದ್ದೆ. ಲಗ್ನದ ಮಂದಿ ಪಂಗತಿ ಅಂದ್ರ ಒಮ್ಮೆಲೆ ಮ್ಯಾಲೆ ಬೀಳ್ತಾರ. ಐನೂರು ಹಿಡಿ."

ಹದಿನಾಲ್ಕುನೂರರ ಹತ್ತಿರ ಬಂತು. ನಾಲ್ಕು ಸೂತಿನ, ಅಂದರೆ ಅರ್ಧ ಇಂಚಿನ, ಸರಳು ಎಂಟು ಸೆಂಟಿಮೀಟರಿಗೆ ಒಂದರಂತೆ, ಹಲಗೆಯ ತಳಭಾಗದಲ್ಲಿ. ಇದೆಲ್ಲ ಸರಿಯಾಗಿತ್ತು. ಆಮೇಲೆ ಬೇರೆ ಇಂಜಿನಿಯರರೂ ನೋಡಿದರು. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ.

ತಪ್ಪಿದ್ದು ಮೂಲೆಯಲ್ಲಿ. ಸಾಹೇಬರು ಪೆನ್ಸಿಲಿನ ಹಾಳೆಯ ಬಲಗಡೆ ಎರಡು ಮೂಲೆ ಬರೆದಿದ್ದರು. ಒಂದು, ಮೊದಲ ಸಾಲು ಹತ್ತಿ ಬಂದು ಲ್ಯಾಂಡಿಂಗು ಸೇರುವ ಮೂಲೆ. ಇನ್ನೊಂದು, ಲ್ಯಾಂಡಿಂಗಿನಿಂದ ಎರಡನೆಯ ಸಾಲು ಹೊರಡುವ ಮೂಲೆ. ಎರಡೂ ಒಂದೇ ಲ್ಯಾಂಡಿಂಗಿನ ಒಂದೇ ಅಂಚಿನಲ್ಲಿ, ಅಕ್ಕಪಕ್ಕ. ಕಾಗದದಲ್ಲಿ ಎರಡೂ ಒಂದೇ ಮಡಿಕೆಯನ್ನು ಮೇಲೆ ಕೆಳಗೆ ಮಾಡಿದಂತೆ ಕಾಣುತ್ತಿದ್ದವು. ನಮ್ಮ ಪ್ರಿಂಟಿನ ಚೌಕಟ್ಟು ಸಣ್ಣದು. ಹಾಳೆ ಅದಕ್ಕೆ ಹಿಡಿಯಬೇಕು, ಇಲ್ಲವಾದರೆ ಇನ್ನೊಂದು ಹಾಳೆ ತೆಗೆಯಬೇಕು. ಹಾಳೆ ಉಳಿಸುವುದರಲ್ಲಿ ನನ್ನದು ಎತ್ತಿದ ಕೈ ಎಂದು ಸಾಹೇಬರು ಬಂದವರೆದುರು ಹೇಳುತ್ತಿದ್ದರು. ಅಲ್ಲಲ್ಲಿ 'ಇದರಂತೆಯೇ' ಎಂದು ಬರೆದು ಜಾಗ ಉಳಿಸುವುದು ಅಭ್ಯಾಸವಾಗಿಬಿಟ್ಟಿತ್ತು. ಕಿಟಕಿಗಳಿಗೆ ಬರೆಯುತ್ತಿದ್ದೆ, ಬಾಗಿಲುಗಳಿಗೆ ಬರೆಯುತ್ತಿದ್ದೆ. ಆ ದಿನ ಎರಡನೆಯ ಸಾಲು ಹೊರಡುವ ಮೂಲೆಯನ್ನು ಚೆಂದಾಗಿ ಎಳೆದು, ಕೆಳಗೆ ನನ್ನ ದುಂಡು ಅಕ್ಷರದಲ್ಲಿ ಬರೆದೆ: ಮೊದಲ ಸಾಲಿನ ಮೂಲೆಯೂ ಇದರಂತೆಯೇ.

ಸಾಹೇಬರ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ಬೆರಳಿಟ್ಟು ಅಂಕಿಗಳನ್ನು ಒಂದೊಂದಾಗಿ ಓದಿದರು. ಮೂಲೆಯ ಕಡೆ ನೋಡಲಿಲ್ಲ. ಸಹಿ ಹಾಕಿದರು.

ಅದಾದ ಕೆಲವು ದಿನಕ್ಕೆ ಸವಣೂರಿನ ಸರಳಿನ ಮೇಸ್ತ್ರಿ ಕಚೇರಿಗೆ ಬಂದರು. ಸರಳು ಕತ್ತರಿಸುವುದು, ಬಗ್ಗಿಸುವುದು, ಕಟ್ಟುವುದು ಅವರ ಕಸುಬು. ಐವತ್ತರ ಹತ್ತಿರದ ಸಾಬರು, ಬಿಳಿ ಗಡ್ಡ, ಬಲಗೈಯ ತೋರುಬೆರಳು ಸರಳಿನ ಅಡಿ ಸಿಕ್ಕು ಎಂದೋ ಸೊಟ್ಟಾಗಿತ್ತು. ಕೈಚೀಲದಿಂದ ಪ್ರಿಂಟು ತೆಗೆದು ನನ್ನ ಮೇಜಿನ ಮೇಲೆ ಹರವಿದರು. ಸಾಹೇಬರು ಅಂದು ಹಾನಗಲ್ಲಿಗೆ ಹೋಗಿದ್ದರು.

"ಅಕ್ಕಾರ, ಈ ಮೂಲಿ ಒಂದ ಸಲ ಸಾಹೇಬ್ರಿಗೆ ಕೇಳ್ತೀರೇನ್ರಿ?"

"ಯಾಕ್ರಿ, ಮೇಸ್ತ್ರಿಗಳ?"

"ಅಕ್ಷರಾ ಸೆಂಟ್ರಿಂಗಿನ ಬಡಿಗ್ಯಾ ಓದಿ ಹೇಳಿದಾ. ಎರಡೂ ಒಂದ ಥರಾ ಅಂತ ಐತೆಂತ. ನಮ್ಮ ಉಸ್ತಾದ ಹಂಗ ಕಲಿಸಿಲ್ರಿ. ಹತ್ತಿ ಬಂದು ಲ್ಯಾಂಡಿಂಗ್ ಕೂಡೂ ಕಡೆ ತಳದ ಸರಳ ಬಗ್ಗಸಬಾರದ್ರಿ. ನೆಟ್ಟಗ ಹೋಗಬೇಕು, ಲ್ಯಾಂಡಿಂಗಿನ ಮ್ಯಾಲಿನ ಮಗ್ಗಲಿಗೆ. ಲ್ಯಾಂಡಿಂಗಿನ ತಳದ ಸರಳ ಈ ಕಡೆ ನೆಟ್ಟಗ ಬಂದು ಪಾವಟಿಗಿ ಹಲಗಿ ಮ್ಯಾಲಿನ ಮಗ್ಗಲಿಗೆ ಹೋಗಬೇಕು. ಕತ್ತರಿ ಇದ್ದಂಗ." ಎರಡೂ ತೋರುಬೆರಳು ಅಡ್ಡ ಹಿಡಿದು ತೋರಿಸಿದರು. ಸೊಟ್ಟ ಬೆರಳಿನಿಂದಾಗಿ ಕತ್ತರಿ ಸರಿ ಕೂಡಲಿಲ್ಲ. ಅವರೇ ನಕ್ಕರು. "ಈ ಬೆರಳನ್ನ ನಾನ ತಪ್ಪ ಬಗ್ಗಿಸೇನಿ ನೋಡ್ರಿ."

ನಾನೂ ನಕ್ಕೆ. ಆಮೇಲೆ ನನ್ನದೇ ಅಕ್ಷರ ನೋಡಿದೆ. ಅದನ್ನು ಸಾಹೇಬರು ಬರೆಯಲಿಲ್ಲ, ನಾನು ಬರೆದದ್ದು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

"ನಕಾಶಿದಾಗ ಇದ್ದಂಗ ಮಾಡ್ರಿ, ಮೇಸ್ತ್ರಿಗಳ. ಸಾಹೇಬ್ರ ಸಹಿ ಐತಿ ನೋಡ್ರಿ."

"ನಾಳೆ ಕಟ್ಟಬೇಕ್ರಿ. ನಾಡದು ಕಾಂಕ್ರೀಟು. ಆಮ್ಯಾಲೆ ಯಾರ ಕೈಯಾಗೂ ಇಲ್ಲ."

"ಸಹಿ ಐತಲ್ರಿ."

ಅವರು ಪ್ರಿಂಟನ್ನು ಮೊದಲಿನ ಮಡಿಕೆಗಳಲ್ಲೇ ಮಡಚಿ ಚೀಲಕ್ಕೆ ಹಾಕಿಕೊಂಡರು. "ನಮಗ ಸಹಿ ಓದಾಕೂ ಬರಂಗಿಲ್ರಿ, ಆದ್ರ ಮರ್ಯಾದಿ ಕೊಡಬೇಕು" ಎಂದು ಹೊರಟರು. ಸಂಜೆ ಸಾಹೇಬರು ಬಂದಾಗ ಹೇಳಬಹುದಿತ್ತು. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಹಾಳೆ ಉಳಿಸಲು ನಾನೇ ಬರೆದದ್ದು ಎಂದು ಹೇಳಬೇಕಾಗುತ್ತಿತ್ತು. ಹೇಳಲಿಲ್ಲ. ಕಾಂಕ್ರೀಟಿನ ದಿನ ಸಾಹೇಬರು ಸವಣೂರಿಗೆ ಹೋಗಿ ಸರಳು ಎಣಿಸಿ, ಅಂತರ ಅಳೆದು, ಸರಳು ಎತ್ತಿ ಹಿಡಿಯುವ ಸಿಮೆಂಟಿನ ಗಟ್ಟಿ ತಳದಲ್ಲಿ ಇಟ್ಟಿದ್ದಾರೋ ಇಲ್ಲವೋ ನೋಡಿ ಬಂದರು. ಆ ಮೂಲೆ ಅಡ್ಡ ಸರಳುಗಳ ಬಲೆಯ ಕೆಳಗಿತ್ತು, ಅವರಿಗೆ ಕಾಣಲಿಲ್ಲ.

ಮೂರು ವಾರ ಗೋಣಿತಟ್ಟು ಹೊದಿಸಿ ನೀರು ಕುಡಿಸಿದರು. ಕೆಳಗೆ ಆನಿಸಿದ್ದ ಕಟ್ಟಿಗೆಯ ಸೆಂಟ್ರಿಂಗು ಬಿಚ್ಚಿದರು. ಮೇಲಿನ ಹಾಲಿಗೆ ಹಾಸಲು ಫರಸಿ ಕಲ್ಲು ತಂದು ಲ್ಯಾಂಡಿಂಗಿನ ಮೇಲೆ ಒಟ್ಟಿದರು. ಆ ಸೋಮವಾರ ಮುಂಜಾನೆ ಕಟ್ಟಡದ ಗುತ್ತಿಗೆದಾರನ ಆಳು ಬಸ್ಸಿನಲ್ಲಿ ಬಂದು ಸುದ್ದಿ ಹೇಳಿದ. ಮೊದಲ ಸಾಲು ಲ್ಯಾಂಡಿಂಗು ಸೇರುವಲ್ಲಿ, ತಳದಿಂದ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರಿದೆ. ಸರಳು ಹೊರಗೆ ಬಂದು ಕಾಣುತ್ತಿದೆ. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಕೂಡಲೇ ಕೆಳಗೆ ಬಲ್ಲಿ, ಅಂದರೆ ಮರದ ಆನಿಕೆ ಕಂಬ, ಕೊಟ್ಟು ನಿಲ್ಲಿಸಿದ್ದಾರೆ.

"ಸರಳಿನ ಮೇಸ್ತ್ರಿ ಬಗ್ಗಿಸಬಾರದ್ದು ಬಗ್ಗಿಸ್ಯಾನ ಅಂತ ಸಾವಕಾರ್ರು ಕೆಲಸದಿಂದ ಬಿಡಿಸ್ಯಾರ್ರಿ," ಎಂದ ಆ ಆಳು.

ಸಾಹೇಬರು ಕನ್ನಡಕ ತೆಗೆದಿಟ್ಟರು. "ನಾ ಎರಡೂ ಮೂಲಿ ಬ್ಯಾರೆ ಬ್ಯಾರೆ ಬರದೇನಿ. ಮೊದಲನೇದರಾಗ ಕತ್ತರಿ ತೋರಸೇನಿ. ಮಾಡಿಲ್ಲಂದ್ರ ಅಂವಂದ ತಪ್ಪು. ಹಂಗ ಹೇಳು. ಗುರುವಾರ ಬರ್ತೇನಿ."

ಆಳು ಇನ್ನೊಂದು ಮಾತು ಹೇಳಿದ. ಹಿರೇಕೆರೂರಿನಲ್ಲಿ ಎರಡಂತಸ್ತಿನ ವಸತಿಗೃಹ ಏಳುತ್ತಿತ್ತು. ಅಲ್ಲಿಯ ಸರಳಿನ ಕೆಲಸವಿಡೀ ಈ ಮೇಸ್ತ್ರಿಗೇ ಎಂದು ಮಾತಾಗಿತ್ತು, ಕೈಕೆಳಗೆ ಹತ್ತು ಜನರನ್ನು ಇಟ್ಟುಕೊಂಡು ಮುಂದಾಳಾಗಿ ನಿಲ್ಲುವ ಕೆಲಸ. ಅಲ್ಲಿಯ ಗುತ್ತಿಗೆದಾರರು ಈ ವಾರ ಸವಣೂರಿಗೆ ಬಂದು ಅವರ ಕೆಲಸ ನೋಡಿ ಹೋಗುವವರಿದ್ದರು. "ಈಗ ಇದನ್ನ ನೋಡ್ತಾರ್ರಿ ಅವ್ರು," ಎಂದು ಆಳು ಬೀಡಿ ಹಚ್ಚಿದ.

ಸೋಮವಾರ ಹೇಳಬೇಕಿತ್ತು. ಹಳೆಯ ಹಾಳೆಗಳನ್ನು ಇಡುವ ಪೆಟ್ಟಿಗೆ ನನ್ನ ಕಾಲ ಬಳಿಯೇ ಇತ್ತು. ತೆಗೆದರೆ ಎರಡು ಹಾಳೆ ಸಿಗುತ್ತಿದ್ದವು: ಎರಡು ಮೂಲೆಯ ಪೆನ್ಸಿಲಿನ ಹಾಳೆ, ಒಂದೇ ಮೂಲೆಯ ಮಸಿಯ ಹಾಳೆ. ಸೋಮವಾರ ತೆಗೆಯಲಿಲ್ಲ. ಮಂಗಳವಾರ ಪೆನ್ನಿನ ಮೂತಿಗಳನ್ನು ಸ್ಪಿರಿಟಿನಲ್ಲಿ ತೊಳೆದೆ. ಬುಧವಾರ ತಡಸದ ಒಂದು ಗೋದಾಮಿನ ನಕಾಶೆ ಎಳೆದೆ, ಅದರಲ್ಲಿ ಎಲ್ಲಿಯೂ 'ಇದರಂತೆಯೇ' ಎಂದು ಬರೆಯಲಿಲ್ಲ. ಹಾಳೆ ಎರಡಾಯಿತು. "ಯಾಕ, ಕಾಗದ ಸಸ್ತಾ ಆದ್ವೇನು?" ಎಂದರು ಸಾಹೇಬರು.

ಗುರುವಾರ ಚಹಾ ಕುಡಿದ ಮೇಲೆ ಕಚೇರಿಗೆ ಹೋಗಿ, ಅವರು ಬರುವ ಮೊದಲೇ ಪೆಟ್ಟಿಗೆ ತೆಗೆದೆ. ಎರಡೂ ಹಾಳೆ ಸುರುಳಿ ಸುತ್ತಿ ಸೆರಗಿನಡಿ ಇಟ್ಟುಕೊಂಡೆ. ಲೆಕ್ಕ ಬರೆದುಕೊಳ್ಳಲು ನನ್ನನ್ನೂ ಕರೆದುಕೊಂಡು ಹೋಗುವುದು ಅವರ ವಾಡಿಕೆ. ಸವಣೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಅವರ ತೊಡೆಯ ಮೇಲೆ ಹಾಳೆಗಳನ್ನು ಬಿಚ್ಚಿ ಹಿಡಿದೆ. ಗಾಳಿಗೆ ಪಟಪಟ ಅನ್ನುತ್ತಿದ್ದವು.

"ಇದು ನಿಮ್ಮದು. ಇದು ನಾ ಎಳದದ್ದು."

ಅವರು ಕಾಗದವನ್ನು ಮೂಗಿನ ಹತ್ತಿರ ತಂದು ನೋಡಿದರು. ಒಂದು, ಮತ್ತೊಂದು, ಮತ್ತೆ ಮೊದಲನೆಯದು.

"ಇದರಂತೆಯೇ," ಎಂದು ಓದಿದರು.

"ಮೇಸ್ತ್ರಿ ಕೇಳಾಕ ಬಂದಿದ್ರು. ನೀವು ಹಾನಗಲ್ಲಿಗೆ ಹೋಗಿದ್ರಿ. ಇದ್ದಂಗ ಮಾಡ್ರಿ ಅಂತ ನಾನ ಹೇಳಿದೆ."

ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಜೋಳದ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಆಮೇಲೆ ಕೇಳಿದರು: "ಅಡಿಯಾಗ ಸಹಿ ಯಾರದೈತಿ?"

"ನಿಮ್ಮದ್ರಿ."

"ಹೂಂ." ಹಾಳೆ ಸುತ್ತಿ ನನ್ನ ಕೈಗೆ ಕೊಟ್ಟರು. ಏನು ಮಾಡುತ್ತಾರೆ ಎಂಬುದು ನನಗೆ ಗೊತ್ತಾಗಲಿಲ್ಲ. ಈ ವಯಸ್ಸಿನಲ್ಲಿ ಆ ಸಹಿಯೊಂದೇ ಅವರ ಹೊಟ್ಟೆಪಾಡು.

ಕಟ್ಟಡದ ಮುಂದೆ ಸಾವಕಾರರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗುತ್ತಿಗೆದಾರ ಪಕ್ಕದಲ್ಲಿ ನಿಂತಿದ್ದ. ಮೇಸ್ತ್ರಿಯನ್ನು ಕರೆಸಿದ್ದರು. ಅವರು ಮರಳಿನ ಗುಡ್ಡೆಯ ಆಚೆ, ಬಿಸಿಲಿನಲ್ಲಿ, ಸರಳು ಬಗ್ಗಿಸುವ ಕಟ್ಟಿಗೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು, ಹತ್ತಿರ ಬರಲಿಲ್ಲ.

"ಬರ್ರಿ ಸಾಹೇಬ್ರ, ಬರ್ರಿ," ಎಂದರು ಸಾವಕಾರರು. "ಹದಿನಾಲ್ಕನೂರು ಕಿಲೋ ತಡೀತೇತಿ ಅಂದಿದ್ರಿ. ನಾಲ್ಕ ಫರಸಿ ತಡೀಲಿಲ್ಲ. ಲಗ್ನದ ಬೀಗರು ಹೆಂಗ ಹತ್ತತಾರ? ತೊಟ್ಟಿಲಾ ಕಟ್ಟಿ ಎಳೀಬೇಕೇನು?"

ಒಳಗೆ ಹೋದೆವು. ಬಲ್ಲಿಗಳ ನಡುವೆ ಬಗ್ಗಿ ಮೇಲೆ ನೋಡಿದೆ. ಮೊದಲ ಸಾಲಿನ ಇಳಿಜಾರು ಮುಗಿದು ಲ್ಯಾಂಡಿಂಗಿನ ತಳ ಚಪ್ಪಟೆಯಾಗುವ ಗೆರೆಯ ಉದ್ದಕ್ಕೂ ಕಾಂಕ್ರೀಟು ಸುಲಿದು ಹೋಗಿತ್ತು. ಬಗ್ಗಿದ ಸರಳುಗಳು ಆ ಬಾಗಿನಿಂದಲೇ ಕೆಳಗೆ ನೂಕಿ ಬಂದಿದ್ದವು. ಅದರ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ, ಎರಡನೆಯ ಸಾಲು ಹೊರಡುವ ಮೂಲೆ. ಅಲ್ಲಿಯೂ ಸರಳು ಬಗ್ಗಿಸಿದ್ದೇ. ಅಲ್ಲಿ ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ.

ಸಾಹೇಬರು ಲ್ಯಾಂಡಿಂಗಿನ ಮೇಲಿನ ಕಲ್ಲುಗಳ ಕಡೆ ಕೈ ತೋರಿಸಿದರು. "ಇಷ್ಟ ಭಾರ ಯಾರು ಹೇರಂದ್ರು?"

ತಪ್ಪನ್ನು ಭಾರದ ಮೇಲೆ ಹಾಕುತ್ತಾರೆ ಎಂದುಕೊಂಡೆ.

"ಎಣಿಸ್ರಿ," ಎಂದ ಗುತ್ತಿಗೆದಾರ. "ಏಳ ಪದರು. ಒಂದೊಂದು ಒಂದಿಂಚಿನ ಫರಸಿ."

ಸಾಹೇಬರು ಬೆರಳು ಮಡಚುತ್ತಾ ಬಾಯಿಂದ ಲೆಕ್ಕ ಮಾಡಿದರು. ಏಳು ಇಂಚು ಅಂದರೆ ಹದಿನೆಂಟು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ಚದರ ಮೀಟರಿಗೆ ನಾನೂರೈವತ್ತರ ಆಸುಪಾಸು. ಮಂದಿಗೆಂದು ಐನೂರು ಹಿಡಿದವರು ಅವರೇ. ಭಾರ ಅದರೊಳಗೇ ಇತ್ತು.

"ಸೆಂಟ್ರಿಂಗು..." ಎಂದರು.

"ಇಪ್ಪತ್ತೊಂದು ದಿನಾ ಆದಮ್ಯಾಲೆ ಬಿಚ್ಚೇವ್ರಿ."

"ಅದ ಹೇಳಾಕತ್ತೇನಿ ನಾನು," ಎಂದರು ಸಾವಕಾರರು. "ಭಾರ ಸರಿ ಐತಿ, ದಿನಾ ಸರಿ ಅದಾವು. ಕೆಟ್ಟಿದ್ದು ಅಂವನ ಕೈ. ನಕಾಶಿ ಓದಾಕ ಬರದವನ್ನ ಕರಕೊಂಡ್ರ ಹಿಂಗ ಆಕ್ಕೇತಿ."

ಮೇಸ್ತ್ರಿ ಬಾಗಿಲಿನ ತನಕ ಬಂದಿದ್ದರು. ತೋರಿಸಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಅವರ ಪ್ರಿಂಟನ್ನು ಗುತ್ತಿಗೆದಾರ ಸೋಮವಾರವೇ ಕಸಿದಿಟ್ಟುಕೊಂಡಿದ್ದ ಎಂದು ಆಮೇಲೆ ತಿಳಿಯಿತು.

ನಾನು ಸಾಹೇಬರ ಮುಖ ನೋಡಿದೆ. ಅವರು ಉದುರಿದ ಚಕ್ಕೆಯೊಂದನ್ನು ಬೂಟಿನ ತುದಿಯಿಂದ ಹೊರಳಿಸುತ್ತಿದ್ದರು. ಇನ್ನು ಕಾಯಲಾಗಲಿಲ್ಲ.

"ಅವ್ರು ಕೇಳಾಕ ಶಿಗ್ಗಾವಿಗೆ ಬಂದಿದ್ರು," ಎಂದೆ. ಧ್ವನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಮತ್ತೆ ಹೇಳಿದೆ. "ಈ ಮೂಲಿ ತಪ್ಪೇತಿ ಅಂತ ಮೇಸ್ತ್ರಿಗಳು ಕಟ್ಟೂಕಿಂತ ಮೊದಲ ಹೇಳಿದ್ರು. ನಕಾಶಿದಾಗ ಇದ್ದಂಗ ಮಾಡ್ರಿ ಅಂದಾಕಿ ನಾನು. ನಕಾಶಿದಾಗ ಹಂಗ ಬರದಾಕಿನೂ ನಾನು."

ಸಾವಕಾರರು ನಕ್ಕರು. "ಏ ತಂಗಿ, ಕರುಳು ಚುರ್ ಅಂದಿರಬೇಕು. ಅಂವಗ ಮಕ್ಕಳು ಮರಿ ಅದಾವಂತ ಇಲ್ಲದ್ದು ಹೇಳಬ್ಯಾಡ."

ಆಗ ಸಾಹೇಬರು ನನ್ನ ಕೈಯಿಂದ ಸುರುಳಿ ತೆಗೆದುಕೊಂಡರು. ನೆಲದ ಮೇಲೆ ಹರವಿ ನಾಲ್ಕು ಮೂಲೆಗೆ ನಾಲ್ಕು ಚಕ್ಕೆ ಇಟ್ಟರು.

"ಆಕಿ ಖರೇ ಹೇಳಾಕತ್ತಾಳ. ಇಲ್ಲಿ ನೋಡ್ರಿ. ಸರಳ ಭಾರಕ್ಕ ಎಳದಾಗ ನೆಟ್ಟಗಾಗಾಕ ನೋಡ್ತೇತಿ. ಈ ಪಕ್ಕದ ಮೂಲ್ಯಾಗ ನೆಟ್ಟಗಾಗಬೇಕಂದ್ರ ಅದು ಮ್ಯಾಕ್ ಏಳಬೇಕು. ಮ್ಯಾಲೆ ಇಡೀ ಕಾಂಕ್ರೀಟು ಒತ್ತಿ ಹಿಡದೇತಿ, ಏಳಂಗಿಲ್ಲ. ಮುರದ ಈ ಮೂಲ್ಯಾಗ ನೆಟ್ಟಗಾಗಬೇಕಂದ್ರ ಕೆಳಗ ಇಳೀಬೇಕು. ಕೆಳಗ ಏನೈತಿ? ಬೆರಳ ದಪ್ಪ ಕಾಂಕ್ರೀಟು. ಅದನ್ನ ಒಡಕೊಂಡ ಬಂತು. ಅದಕ್ಕ ಇಲ್ಲಿ ಕತ್ತರಿ ಹಾಕಬೇಕು. ಮೇಸ್ತ್ರಿಗೆ ಗೊತ್ತಿತ್ತು. ನಾ ಸಹಿ ಹಾಕಿದ ಹಾಳ್ಯಾಗ ಇರಲಿಲ್ಲ. ಸಹಿ ನಂದು. ಒಡದು ಮಾಡೂ ಖರ್ಚೂ ನಂದು."

ಸಾವಕಾರರ ನಗು ನಿಂತಿತು. ಗುತ್ತಿಗೆದಾರ ಕೆಮ್ಮಿದ. ಮೇಸ್ತ್ರಿಯ ಕಡೆ ಮೊದಲು ನೋಡಿದವನು ಅವನೇ.

"ಹಿರೇಕೆರೂರಿನವ್ರಿಗೆ ಹೇಳಿ ಕಳಸ್ರಿ," ಎಂದೆ ನಾನು. "ಇವ್ರ ತಪ್ಪಿಲ್ಲಂತ ಹೇಳಿ ಕಳಸ್ರಿ."

"ಅವ್ರು ಮಂಗಳವಾರನ ಬಂದು ನೋಡಿ ಹೋದ್ರು," ಎಂದ ಗುತ್ತಿಗೆದಾರ, ನೆಲ ನೋಡುತ್ತ. "ನಿನ್ನಿ ಹುಬ್ಬಳ್ಳಿ ಕಡಿಂದ ಬ್ಯಾರೆ ಟೋಳಿ ಇಳಿಸ್ಯಾರ. ಕೆಲಸಾ ಹಚ್ಚೇ ಬಿಟ್ಟಾರ."

ಸೋಮವಾರ ಹೇಳಿದ್ದರೆ, ಎಂದು ನಾನು ಲೆಕ್ಕ ಹಾಕಿದೆ. ಸೋಮವಾರ ಮಧ್ಯಾಹ್ನದ ಬಸ್ಸಿಗೆ ಬಂದಿದ್ದರೂ ಸಾಕಿತ್ತು.

ಸಾಹೇಬರು ಅಲ್ಲಿಯೇ ನನ್ನ ನೋಟುಬುಕ್ಕಿನ ಹಾಳೆ ಹರಿದು ಹಿರೇಕೆರೂರಿಗೆ ಚೀಟಿ ಬರೆದರು, ತಪ್ಪು ನಕಾಶೆಯದು, ಕೈಯದಲ್ಲ ಎಂದು. ಮೇಸ್ತ್ರಿ ಅದನ್ನು ತೆಗೆದುಕೊಂಡು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು. "ಇಟ್ಕೋತೇನ್ರಿ," ಎಂದರಷ್ಟೇ. ಆ ಚೀಟಿಯಿಂದ ಏನೂ ಆಗಲಿಲ್ಲ. ಆ ಮಳೆಗಾಲ ಅವರು ಮಾಸೂರಿನ ಕಡೆ ಕಾಲುವೆಯ ಸಣ್ಣ ಸೇತುವೆಗಳಿಗೆ ದಿನಗೂಲಿಯ ಮೇಲೆ ಸರಳು ಕಟ್ಟುತ್ತಿದ್ದರೆಂದು ಗುತ್ತಿಗೆದಾರನಿಂದ ತಿಳಿಯಿತು. ಮುಂದಾಳಾಗುವ ಕೆಲಸ ಮತ್ತೆ ಅವರ ತನಕ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿ ತಿಳಿಯಬಹುದಿತ್ತು. ಕೇಳಲಿಲ್ಲ.

ಆ ಮಧ್ಯಾಹ್ನ ಒಡೆಯುವ ಕೆಲಸದ ಗುರುತು ಹಾಕಿದವರು ಮೇಸ್ತ್ರಿಯೇ. ಸಾವಕಾರರು "ಮಾಡ್ರಿ ಹಂಗಾದ್ರ" ಎಂದರು, ಕೆಲಸದಿಂದ ಬಿಡಿಸಿದ ಮಾತನ್ನು ಯಾರೂ ಎತ್ತಲಿಲ್ಲ. ಮೇಸ್ತ್ರಿ ಸೀಮೆಸುಣ್ಣದಿಂದ ಮೂಲೆಯ ಎರಡೂ ಕಡೆ ಒಂದು ಮೊಳದ ಮೇಲೆ ಒಂದು ಗೇಣು ಅಳೆದು ಗೆರೆ ಎಳೆದರು. ಅಲ್ಲಿಯ ತನಕ ಕಾಂಕ್ರೀಟು ಒಡೆಯಬೇಕು. ಹಳೆಯ ಸರಳಿನ ಜೊತೆಗೆ ಅಷ್ಟುದ್ದ ಹೊಸ ಸರಳು ಕೂಡಿಸಿ ಕಟ್ಟಿ, ನೆಟ್ಟಗೆ ಒಯ್ದು, ಕತ್ತರಿ ಹಾಕಿ ಮತ್ತೆ ತುಂಬಬೇಕು. ಬಲ್ಲಿ ಒಂದೂ ಅಲುಗಬಾರದು. ಸಾಹೇಬರು ಹೂಂ ಹೂಂ ಅನ್ನುತ್ತಾ ಹೋದರು.

ನಾನು ಬಲ್ಲಿಗಳ ನಡುವೆ ಮೇಸ್ತ್ರಿಯ ಹಿಂದೆ ನಿಂತಿದ್ದೆ. "ಮೇಸ್ತ್ರಿಗಳ, ತಪ್ಪಾತು," ಎಂದೆ.

ಅವರು ಗೆರೆ ಮುಗಿಸಿ, ಸೀಮೆಸುಣ್ಣದ ಕೈ ಲುಂಗಿಗೆ ಒರೆಸಿಕೊಂಡರು. ನನ್ನ ಕಡೆ ತಿರುಗಲಿಲ್ಲ.

"ನಾ ಬಸ್ ಹತ್ತಿ ಕೇಳಾಕ ಬಂದಿದ್ದೆರಿ, ಅಕ್ಕಾರ. ಒಂದ ದಿನದ ಪಗಾರಾ ಬಿಟ್ಟು."

"ಹೌದ್ರಿ."

"ಈಗ ಹೇಳಿದ್ರಿ. ಛಲೋ ಆತು. ನಮ್ಮ ಮಂದಿ ಮುಂದ ತಲಿ ಎತ್ತಬಹುದು." ಸ್ವಲ್ಪ ತಡೆದು ಹೇಳಿದರು: "ಸರಕ್ರಿ, ಮ್ಯಾಲಿಂದ ಧೂಳ ಬೀಳತೇತಿ."

ಸರಿದು ನಿಂತೆ. ಅವರು ಉಳಿಯ ಮೇಲೆ ಮೊದಲ ಏಟು ಹಾಕಿದರು.

ಸಾಹೇಬರು ಬರುವಾಗ ಬಸ್ಸಿನಲ್ಲಿ ನಿದ್ದೆ ಹೋದಂತೆ ಕಣ್ಣು ಮುಚ್ಚಿಕೊಂಡಿದ್ದರು. ಶಿಗ್ಗಾವಿಯಲ್ಲಿ ಇಳಿಯುವಾಗ ಹೇಳಿದರು: "ನಾಳೆ ಎರಡೂ ಮೂಲಿ ಎಳಿ. ದೊಡ್ಡ ಹಾಳಿ ತಗೋ." ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ದಿನದಿಂದ ನನ್ನ ಹಾಳೆಗಳಿಗೆ ಸಹಿ ಹಾಕುವ ಮೊದಲು ಅವರು ಭೂತಗನ್ನಡಿ ಹಿಡಿದು ಗೆರೆ ಗೆರೆಯನ್ನೂ ನೋಡುತ್ತಿದ್ದರು, ಮತ್ತು ಬಂದವರೆದುರು ನನ್ನ ಹಾಳೆ ಉಳಿಸುವ ಕೈಯ ಮಾತು ಎತ್ತುತ್ತಿರಲಿಲ್ಲ. ಎರಡು ವರ್ಷದ ಮೇಲೆ, ಕಣ್ಣು ಪೂರ್ತಿ ಹೋಗುವ ಮೊದಲು, ಕಚೇರಿ ಮುಚ್ಚಿದರು.

ಮನೆಗೆ ಬಂದಾಗ ಅಕ್ಕ ಹೊರಗಿನ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದಳು. ನನ್ನ ತಲೆಯ ಮೇಲಿನ ಸಿಮೆಂಟಿನ ಧೂಳು ನೋಡಿ ಬಿಸಿನೀರು ತೋಡಿಟ್ಟಳು. ಸ್ನಾನ ಮಾಡಿ ಒಲೆಯ ಮುಂದೆ ಕೂತು ಎಲ್ಲ ಹೇಳಿದೆ. ಹಾಳೆ, ಮೂಲೆ, ಕತ್ತರಿ, ಮೂರು ದಿನ. ಅವಳಿಗೆ ಮೂಲೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಮೂರು ದಿನ ತಿಳಿಯಿತು.

"ಅಂವಗ ಮಕ್ಕಳೆಷ್ಟು?" ಎಂದು ಕೇಳಿದಳು.

"ಕೇಳಲಿಲ್ಲಬೇ."

"ಕೇಳಬೇಕಿತ್ತು," ಎಂದು ರೊಟ್ಟಿ ತಿರುವಿ ಹಾಕಿದಳು.

ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಇತ್ತು. ನಾನು ಒಂದು ರೊಟ್ಟಿ ತಿಂದೆ, ಅಕ್ಕ ಎರಡು. ಉಳಿದ ಪಲ್ಯವನ್ನು ನಾಳೆಗೆ ಮುಚ್ಚಿಟ್ಟೆ. ಅಕ್ಕ ಮೊದಲು ಮಲಗಿದಳು.